ಬೇಡಪ್ಪ, ಬೇಡಣ್ಣ

ನಮ್ಮ ಅತ್ತೆ ಆಡಿದ ಒಂದು ಮಾತನ್ನು ನಾನು ಇಂಗ್ಲಿಷಿಗೆ ತಿರುಗಿಸಿ ಕಳಿಸಿದ್ದೆ. ಪದಕ್ಕೆ ಪದ ಸರಿಯಾಗಿಯೇ ಇತ್ತು. ಆದರೂ ನಾನು ಅಂದು ಸುಳ್ಳು ಹೇಳಿದೆನೇ ಎಂಬ ಪ್ರಶ್ನೆ ಇನ್ನೂ ಬಿಟ್ಟಿಲ್ಲ.

ತಿಪಟೂರಿನ ಹತ್ತಿರ ನಮ್ಮ ತಾತನ ಹೆಸರಿನಲ್ಲೇ ಉಳಿದಿದ್ದ ಮೂರು ಎಕರೆ ತೆಂಗಿನ ತೋಟವಿತ್ತು. ಅಪ್ಪ ತೀರಿಕೊಂಡಿದ್ದರು. ಉಳಿದವರು ದೊಡ್ಡಪ್ಪ ಮತ್ತು ಅವರ ತಂಗಿ, ಅಂದರೆ ನಮ್ಮ ಅತ್ತೆ. ತೋಟಕ್ಕೆ ಹೊಸ ಬೋರು ಕೊರೆಸಿ ಬೇಲಿ ಹಾಕಿಸಲು ಹಣ ಕೊಡಬೇಕಾಗಿದ್ದವನು ದೊಡ್ಡಪ್ಪನ ಮಗ. ಅವನು ಬೆಳೆದದ್ದು ಅಮೆರಿಕದಲ್ಲಿ. ಕನ್ನಡ ಕೇಳಿದರೆ ಅರ್ಧಂಬರ್ಧ ತಿಳಿಯುತ್ತದೆ. ಅವನಿಗೆ ಒಂದೇ ಅನುಮಾನ: ಅತ್ತೆ ತನ್ನ ಪಾಲು ಬಿಡಲು ನಿಜವಾಗಿ ಒಪ್ಪಿದ್ದಾರಾ? ಕೇಳಿ ಬರೆ ಎಂದು ನನಗೆ ಹೇಳಿದ್ದ.

ಆ ಸಂಜೆ ಜಗಲಿಯಲ್ಲಿ ಎಲ್ಲರೂ ಇದ್ದೆವು. ದೊಡ್ಡಪ್ಪ ಕಾಫಿ ಲೋಟ ಕೆಳಗಿಟ್ಟು, "ನಿಂಗೇನೂ ಬೇಡ ಅಲ್ವೇನಮ್ಮಾ?" ಅಂದರು. ಅತ್ತೆ ಸೆರಗಿನ ತುದಿ ನೋಡುತ್ತಾ, "ನಂಗೇನೂ ಬೇಡಪ್ಪ" ಅಂದರು. ನಾನು ಅವನಿಗೆ ಬರೆದೆ: 'ಶಿ ಡಸಂಟ್ ವಾಂಟ್ ಎನಿಥಿಂಗ್.'

ಅತ್ತೆಯ ಮಾತಿನ ಕೊನೆಯಲ್ಲಿದ್ದ 'ಅಪ್ಪ' ನನ್ನ ಇಂಗ್ಲಿಷಿನಲ್ಲಿ ಇಲ್ಲ. ಅದು ಅಷ್ಟು ದೊಡ್ಡ ವಿಷಯವೇ? ಇದನ್ನು ಹೇಳಲು ಸ್ವಲ್ಪ ಸುತ್ತಿ ಬರಬೇಕು, ಮೊದಲು 'ರೀ' ಕಡೆಯಿಂದ.

'ರೀ' ಅಂದರೆ ಗೌರವ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಗೌರವ ತೋರಿಸಲು ಕನ್ನಡದ ಕ್ರಿಯಾಪದಕ್ಕೇ ಬರುತ್ತದಲ್ಲ? 'ಬಾ' ಎಂಬುದಕ್ಕೆ 'ಬನ್ನಿ' ಇದೆ, 'ಬಂದೆ' ಎಂಬುದಕ್ಕೆ 'ಬಂದಿರಿ' ಇದೆ. ತೊಂದರೆ ಏನೆಂದರೆ, ಈ ರೂಪಗಳು ಸಿಗುವುದು ಎದುರಿಗಿರುವವರೇ ವಾಕ್ಯದ ಕರ್ತೃವಾದಾಗ ಮಾತ್ರ. 'ಬೆಕ್ಕು ಹಾಲು ಕುಡಿದುಬಿಡ್ತು' ಎಂಬ ವಾಕ್ಯದಲ್ಲಿ ಕರ್ತೃ ಬೆಕ್ಕು. ಕೇಳುತ್ತಿರುವವರು ಆ ವಾಕ್ಯದೊಳಗೆ ಎಲ್ಲೂ ಇಲ್ಲ. 'ಇಲ್ಲ', 'ಬೇಕು', 'ಬೇಡ', 'ಸಾಕು', 'ಗೊತ್ತು' ಇಂಥ ಪದಗಳಂತೂ ಯಾರಿಗಾಗಿಯೂ ರೂಪ ಬದಲಿಸುವುದಿಲ್ಲ. ನಾನು, ನೀನು, ಅವರು ಎಲ್ಲರಿಗೂ ಒಂದೇ. ಹಾಗಾಗಿ ಬರೀ 'ಇಲ್ಲ' ಎಂದು ಹೇಳಿ ನಿಲ್ಲಿಸಿದರೆ ಬಾಗಿಲು ಹಾಕಿದ ಹಾಗೆ ಕೇಳಿಸುತ್ತದೆ. ಅದಕ್ಕೇ ನಾವು 'ಇಲ್ಲ ರೀ', 'ಇಲ್ಲಮ್ಮಾ', 'ಇಲ್ಲ ಕಣೋ' ಎಂದು ಏನಾದರೊಂದನ್ನು ಸೇರಿಸುತ್ತೇವೆ. 'ಬೆಕ್ಕು ಹಾಲು ಕುಡಿದುಬಿಡ್ತು ರೀ' ಅಂದಾಗ ಗೌರವ ಸಲ್ಲುವುದು ಬೆಕ್ಕಿಗಲ್ಲ, ಆ ಸುದ್ದಿಗೆ ಸಂಬಂಧವೇ ಇಲ್ಲದೆ ಕೇಳುತ್ತಾ ಕೂತಿರುವ ಗಂಡನಿಗೆ.

ಇಂಗ್ಲಿಷಿನಲ್ಲಿ 'ಸರ್', 'ಮ್ಯಾಡಮ್' ಇಲ್ಲವೇ ಎಂದು ಕೇಳಬಹುದು. ಇವೆ. ಆದರೆ ಹೆಂಡತಿ ಗಂಡನಿಗೆ, ತರಕಾರಿಯವರು ಗಿರಾಕಿಗೆ, ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ, ಒಂದೇ ಸಣ್ಣ ಪ್ರತ್ಯಯದಿಂದ ಬೆಕ್ಕಿನ ವಿಷಯವನ್ನೂ ಬಿಸಿಲಿನ ವಿಷಯವನ್ನೂ ಒಪ್ಪಿಸುವ ಅನುಕೂಲ ಅಲ್ಲಿಲ್ಲ. ಅಲ್ಲಿ ಯಾವ ಗುರುತೂ ಹಾಕದೆ ವಾಕ್ಯ ಮುಗಿಸಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ನಮ್ಮಲ್ಲಿ ಹಾಕದಿರುವುದೂ ಒಂದು ಗುರುತೇ. ಅಂದಹಾಗೆ ಈ 'ರೀ' ಎಲ್ಲ ಕಡೆ ಒಂದೇ ತೂಕದ್ದಲ್ಲ. ಧಾರವಾಡದ ಹುಡುಗ ಮೇಷ್ಟ್ರಿಗೆ 'ಹೌದ್ರೀ ಸರ' ಎಂದರೆ ಅದು ತುಂಬು ಮರ್ಯಾದೆ. ಮೈಸೂರಿನ ಹುಡುಗ ಮೇಷ್ಟ್ರನ್ನು 'ಏನ್ರೀ' ಎಂದು ಕರೆದರೆ ಜಗಳಕ್ಕೆ ಬಂದ ಎಂದೇ ಅರ್ಥ. ಅಲ್ಲಿ ಅದು ಸರೀಕರ ನಡುವಿನ ಮಾತು, ಅದೂ ಸ್ವಲ್ಪ ದೂರದವರ ನಡುವಿನದು. ವರ್ಗವಾಗಿ ಹೋದ ಎಷ್ಟೋ ನೌಕರರು ಮೊದಲ ವಾರದಲ್ಲೇ ಇದನ್ನು ಕಲಿತಿರುತ್ತಾರೆ.

ಈಗ 'ಅಪ್ಪ'. ಇದು ಒಂದಲ್ಲ, ಎರಡು.

ಒಂದು 'ಅಪ್ಪ' ಎದುರಿಗಿರುವವರನ್ನು ಕರೆಯುವುದು. 'ಊಟ ಮಾಡಪ್ಪ' ಎಂದು ತಾಯಿ ಐದು ವರ್ಷದ ಮಗನಿಗೆ ಹೇಳುತ್ತಾಳೆ. ಮಗನಿಗೆ ಅಪ್ಪನ ಪದವಿ ಕೊಟ್ಟು ಊಟಕ್ಕೆ ಕರೆಯುವ ಈ ರೀತಿ ನನಗೆ ಇವತ್ತಿಗೂ ಇಷ್ಟ. ಮಗಳಾದರೆ 'ಊಟ ಮಾಡಮ್ಮ' ಆಗುತ್ತದೆ. ಅಂದರೆ ಈ 'ಅಪ್ಪ' ಕೇಳುವವರು ಯಾರೆಂದು ನೋಡಿ ಬದಲಾಗುತ್ತದೆ.

ಇನ್ನೊಂದು 'ಅಪ್ಪ' ಹಾಗಲ್ಲ. 'ನಂಗೊತ್ತಿಲ್ಲಪ್ಪ' ಎಂದು ಮಗಳು ತಾಯಿಗೂ ಹೇಳುತ್ತಾಳೆ, ಅಕ್ಕನಿಗೂ ಹೇಳುತ್ತಾಳೆ. ಅಲ್ಲಿ ಯಾರನ್ನೂ ಕರೆಯುತ್ತಿಲ್ಲ. 'ನಾನಂತೂ ಬರಲ್ಲಪ್ಪ', 'ಏನೋಪ್ಪ', 'ನಿಮ್ಮಿಷ್ಟಪ್ಪ', ಇವೆಲ್ಲ ಮಾತಾಡುವವರು ಒಂದು ಹೆಜ್ಜೆ ಹಿಂದೆ ಸರಿದು ಆಡುವ ಮಾತುಗಳು. ನನ್ನ ಮಟ್ಟಿಗೆ ಇಷ್ಟು, ಉಳಿದದ್ದು ನನ್ನ ತಲೆಗೆ ಕಟ್ಟಬೇಡಿ ಎಂದು ಕೈ ತೊಳೆದುಕೊಳ್ಳುವುದು. ಯಾವುದು ಯಾವ ಅಪ್ಪ ಎಂದು ತಿಳಿಯಲು ಸುಲಭದ ಪರೀಕ್ಷೆ ಇದೆ: ಅದೇ ಮಾತನ್ನು ಹೆಂಗಸಿಗೆ ಹೇಳಿ ನೋಡಿ. ತಾಯಿಯನ್ನು 'ಬಾರಪ್ಪ' ಎಂದು ಕರೆಯಲಾಗದು. ಆದರೆ ತಾಯಿಗೆ 'ಗೊತ್ತಿಲ್ಲಪ್ಪ' ಎನ್ನಬಹುದು.

ಗಂಡಸಿನ ಎದುರು ಈ ಪರೀಕ್ಷೆ ನಡೆಯುವುದಿಲ್ಲ, ಎರಡೂ ಒಂದೇ ರೀತಿ ಕೇಳಿಸುತ್ತವೆ. ಆದರೆ ಅಣ್ಣನಿಗೆ ನಡೆಯುತ್ತದೆ. ಯಾಕೆಂದರೆ ತಂಗಿ ಅಣ್ಣನನ್ನು ಕರೆಯುವುದು 'ಅಣ್ಣ' ಎಂದೇ. ಅತ್ತೆ ದಿನವೆಲ್ಲ 'ಬಾಣ್ಣ', 'ಇಲ್ಲಣ್ಣ', 'ಕಾಫಿ ತರ್ಲಾಣ್ಣ' ಅನ್ನುವವರು. ಆ ಸಂಜೆ ಅವರು 'ಬೇಡಣ್ಣ' ಅಂದಿದ್ದರೆ ಅದು ಅಣ್ಣನ ಮುಖ ನೋಡಿ, ಅಣ್ಣನಿಗೆ ಕೊಟ್ಟ ಮಾತಾಗುತ್ತಿತ್ತು. ಅವರು ಅಂದದ್ದು 'ಬೇಡಪ್ಪ'. ಅಲ್ಲಿ ಅಣ್ಣ ಇರಲಿಲ್ಲ. ಅದು ಕೊಡುವವರ ಮಾತಲ್ಲ, ಈ ರಗಳೆಯಿಂದ ನನ್ನನ್ನು ಬಿಟ್ಟುಬಿಡಿ ಎನ್ನುವವರ ಮಾತು.

ಒಂದು ಪ್ರತ್ಯಯದ ಮೇಲೆ ಇಷ್ಟು ಭಾರ ಹಾಕಬಹುದೇ ಎಂಬ ಸಂಕೋಚ ನನಗೂ ಇದೆ. ದನಿ ಬೇಕು, ಮುಖ ಬೇಕು, ಅದಕ್ಕಿಂತ ಹಿಂದಿನ ಮೂವತ್ತು ವರ್ಷ ಬೇಕು. ಆದರೆ ದನಿ ಮತ್ತು ಮುಖವನ್ನು ನಾನು ಅಂದುಕೊಂಡ ಹಾಗೆ ನೆನಪಿಸಿಕೊಳ್ಳಬಲ್ಲೆ. ಪ್ರತ್ಯಯ ಮಾತ್ರ ಹಾಗೆ ಬಗ್ಗುವುದಿಲ್ಲ. ಅವರು ಅಂದದ್ದು 'ಬೇಡಪ್ಪ'.

ದೊಡ್ಡಪ್ಪನ 'ಅಲ್ವಾ' ಕಡೆಗೂ ನೋಡಬೇಕು. ಅದು 'ಅಲ್ಲವೇ' ಎಂಬುದರ ಆಡುರೂಪ. ದೊಡ್ಡಪ್ಪ ಮೂರು ರೀತಿ ಕೇಳಬಹುದಿತ್ತು. 'ನಿಂಗೇನು ಬೇಕು?' ಎಂದಿದ್ದರೆ ಉತ್ತರವೆಲ್ಲ ಅತ್ತೆಯ ಕೈಯಲ್ಲಿರುತ್ತಿತ್ತು. 'ನಿಂಗೇನೂ ಬೇಡ್ವಾ?' ಎಂದಿದ್ದರೆ ಪ್ರಶ್ನೆ ಅವರ ಆಸೆಯ ಬಗ್ಗೆ ಇರುತ್ತಿತ್ತು. 'ಬೇಕು' ಅಂದರೆ ಮುಗಿಯಿತು. 'ಬೇಡ ಅಲ್ವಾ?' ಎಂಬಲ್ಲಿ 'ಬೇಡ' ಎಂದು ದೊಡ್ಡಪ್ಪನೇ ತೀರ್ಮಾನಿಸಿ ಆಗಿದೆ. ಪ್ರಶ್ನೆ ಉಳಿದಿರುವುದು ತನ್ನ ಮಾತು ಸರಿಯೇ ಎಂಬುದರ ಬಗ್ಗೆ ಮಾತ್ರ. ಈಗ 'ಬೇಕು' ಎನ್ನಬೇಕಾದರೆ ಅತ್ತೆ ತನ್ನ ಆಸೆ ಹೇಳಿದರೆ ಸಾಲದು, ಅಣ್ಣನ ಮಾತು ತಪ್ಪು ಎಂದೂ ಹೇಳಬೇಕು. ಅದೂ ಎಲ್ಲರ ಎದುರಿಗೆ, ಕೊನೆಗೆ ಸೇರಿಸಿದ್ದ 'ಅಮ್ಮಾ' ಎಂಬ ಅಕ್ಕರೆಯನ್ನು ದಾಟಿ.

'ಅಲ್ವಾ' ಯಾವಾಗಲೂ ಹೀಗೆ ಒತ್ತುವುದಿಲ್ಲ. 'ಮಳೆ ಬರೋ ಹಾಗಿದೆ ಅಲ್ವಾ' ಎಂದು ಬಸ್ ಸ್ಟಾಪಿನಲ್ಲಿ ಅಪರಿಚಿತರು ಹೇಳಿದರೆ ಅದು ಜೊತೆ ಕರೆಯುವ ಮಾತು, ಹೌದೆನ್ನಲು ಖರ್ಚೇನೂ ಇಲ್ಲ. ಇಂಗ್ಲಿಷಿನಲ್ಲೂ ಇದಕ್ಕೆ ಸಮನಾದದ್ದು ಇದೆ: ಇಸಂಟ್ ಇಟ್, ಡೋಂಟ್ ಯು. ಆ ಭಾಷೆಗೆ ಇದು ಗೊತ್ತಿಲ್ಲ ಎಂದು ನಾವು ಬೀಗುವಂತಿಲ್ಲ. ಉತ್ತರವನ್ನು ಸೂಚಿಸುವ ಪ್ರಶ್ನೆ ಅಪಾಯಕಾರಿ ಎಂಬುದು 1872ರ ಭಾರತೀಯ ಸಾಕ್ಷ್ಯ ಕಾಯ್ದೆಗೂ ತಿಳಿದಿತ್ತು. ಸಾಕ್ಷಿಯನ್ನು ಕರೆಸಿದ ಪಕ್ಷವೇ ಅಂಥ ಪ್ರಶ್ನೆ ಕೇಳಲು ಹೊರಟರೆ ಎದುರು ಪಕ್ಷ ಆಕ್ಷೇಪಿಸಬಹುದು. ನಮ್ಮ ಜಗಲಿಯಲ್ಲಿ ಆಕ್ಷೇಪಿಸುವ ಪಕ್ಷ ಯಾವುದೂ ಇರಲಿಲ್ಲ.

ಹಾಗಾದರೆ ತಪ್ಪು ಇಂಗ್ಲಿಷಿನದೇ? ಅಲ್ಲ. ಕೆಲವು ವಾರಗಳ ನಂತರ ಅತ್ತೆ ಉಪನೋಂದಣಿ ಕಚೇರಿಯಲ್ಲಿ ಸಹಿ ಮಾಡಿದ ಹಕ್ಕು ಬಿಡುಗಡೆ ಪತ್ರ ಅಚ್ಚಗನ್ನಡದಲ್ಲೇ ಇತ್ತು. ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ ಎಂಬ ಎಂದಿನ ಮಾತುಗಳು ಅದರಲ್ಲಿದ್ದವು. ಬರಹದ ಕನ್ನಡಕ್ಕೂ ಅಪ್ಪ, ರೀ, ಅಲ್ವಾ ಬೇಕಾಗಿಲ್ಲ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಎಂದು ಕರ್ನಾಟಕ 1994ರಲ್ಲೇ ಕಾನೂನಿಗೆ ತಿದ್ದುಪಡಿ ತಂದಿತು, ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ. ಆದರೆ ಹಕ್ಕನ್ನು ಬಿಡಿಸಿಕೊಳ್ಳುವುದು ಹೆಚ್ಚಾಗಿ ಜಗಲಿಯಲ್ಲಿ, ಆಡುಮಾತಿನಲ್ಲಿ, ವಾಕ್ಯದ ಕೊನೆಯ ಅಕ್ಷರಗಳಲ್ಲಿ. ಪತ್ರಕ್ಕೆ ತಲುಪುವ ಹೊತ್ತಿಗೆ ಆ ಅಕ್ಷರಗಳು ಉದುರಿಹೋಗಿರುತ್ತವೆ.

ನಾನು ಅವನಿಗೆ ಇನ್ನೊಂದು ರೀತಿ ಬರೆಯಬಹುದಿತ್ತು. 'ಬೇಡ ಎಂದರು, ಆದರೆ ಇದರಲ್ಲಿ ನನ್ನನ್ನು ಎಳೆಯಬೇಡಿ ಎಂಬ ಹಾಗೆ ಅಂದರು' ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಲು ಬರುವುದಿಲ್ಲವೇ? ಬರುತ್ತದೆ. ಆದರೆ ಅದು ಇನ್ನೊಂದು ವಾಕ್ಯವಾಗುತ್ತದೆ, ಬೇಕೆಂದೇ ಬರೆಯಬೇಕಾದ ವಾಕ್ಯ. ಕನ್ನಡದಲ್ಲಿ ಅತ್ತೆ ಅದನ್ನು ಹೇಳದೆಯೇ ಹೇಳಿದ್ದರು. ಇಂಗ್ಲಿಷಿನಲ್ಲಿ ಅದನ್ನು ಹೇಳುವ ಹೊಣೆ ನನ್ನದಾಯಿತು. ಅನುವಾದವಾಗುವುದಿಲ್ಲ ಎನ್ನುವುದು ಅನುವಾದಕನಿಗೆ ಒಳ್ಳೆಯ ನೆಪ. ಇಲ್ಲಿ ಇನ್ನೊಂದನ್ನೂ ಹೇಳಬೇಕು: ಅತ್ತೆ ಪಾಲು ಬಿಟ್ಟರೆ ತೋಟ ಮೂರು ಭಾಗವಾಗುವ ಬದಲು ಎರಡಾಗುತ್ತಿತ್ತು. ಅದರಲ್ಲಿ ಒಂದು ನಮ್ಮದು.

ಮುಂದಿನ ವರ್ಷ ಗೌರಿಹಬ್ಬಕ್ಕೆ ಬಾಗಿನ ಕೊಡಲು ಅತ್ತೆಯ ಮನೆಗೆ ಹೋಗಿದ್ದೆ. ಒಲೆಯ ಮುಂದೆ ಕೂತು ಕಾಯಿ ಒಬ್ಬಟ್ಟು ತಟ್ಟುತ್ತಿದ್ದರು. ತೋಟದ ಮಾತು ಬಂತು, ಬೋರಿನಲ್ಲಿ ಎರಡಿಂಚು ನೀರು ಸಿಕ್ಕಿತು ಎಂದೆ. "ಒಳ್ಳೇದಾಯ್ತು ಬಿಡು" ಅಂದರು. ಸ್ವಲ್ಪ ಹೊತ್ತು ಬಿಟ್ಟು, ಒಬ್ಬಟ್ಟು ತಿರುವಿ ಹಾಕುತ್ತಾ, ನನ್ನ ಕಡೆ ನೋಡದೆ, "ನಿಂಗೇನು ಬೇಕು ಅಂತ ಯಾರೂ ನನ್ನ ಕೇಳ್ಲೇ ಇಲ್ಲ, ಅಲ್ವೇನೋ?" ಅಂದರು.

"ಹೌದತ್ತೆ" ಅಂದೆ.