ಬುದ್ಧಿ ಹೇಳುವುದಕ್ಕೆ ನಾನು ಬರುವುದಿಲ್ಲ

ಪ್ರಿಯ ಅಣ್ಣ, ಅಕ್ಕ,

ಭಾನುವಾರ ಆರಾಧನೆ ಮುಗಿದ ಮೇಲೆ ಅಕ್ಕ ಎಲ್ಲವನ್ನೂ ಹೇಳಿದರು. ಬೆಂಗಳೂರಿನಿಂದ ಬಂದ ನಿಮ್ಮ ಮಗ, ತನಗೆ ನಂಬಿಕೆ ಉಳಿದಿಲ್ಲ, ಇನ್ನು ಚರ್ಚಿಗೆ ಬರುವುದಿಲ್ಲ ಎಂದನಂತೆ. 'ಪ್ರಾರ್ಥನೆಗೆ ಕೂರದವನಿಗೆ ಈ ಮನೆಯಲ್ಲಿ ಊಟವಿಲ್ಲ' ಎಂದರಂತೆ ಅಣ್ಣ. ಅವನು ಮುರಿದ ಮುದ್ದೆ ಹಾಗೇ ಬಿಟ್ಟು ಎದ್ದು ಹೋದನಂತೆ. 'ಅಯ್ಯನವರೇ, ಮುಂದಿನ ಸಲ ಅವನು ಬಂದಾಗ ಯಲ್ದೂರಿಗೆ ಬಂದು ನಾಲ್ಕು ಬುದ್ಧಿ ಮಾತು ಹೇಳಿ' ಎಂದು ಕೇಳಿದಿರಿ. ಖಂಡಿತ ಬರುತ್ತೇನೆ. ಬುದ್ಧಿ ಹೇಳುವುದಕ್ಕೆ ಮಾತ್ರ ಬರುವುದಿಲ್ಲ.

ಮಗನನ್ನು ಸರಿಮಾಡಿಸಲು ಪಾದ್ರಿಯ ಬಳಿ ಕಳಿಸಿದ ಮನೆಯೊಂದರ ಕಥೆ ಹೇಳುತ್ತೇನೆ. ಯೋಹಾನ್ನೆಸ್ ಹೆಸ್ಸೆ ಎಂಬವರು 1869ರಿಂದ ಕೆಲವು ವರ್ಷ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಸೇವೆಯಲ್ಲಿದ್ದು, ಆರೋಗ್ಯ ಕೆಟ್ಟು ಊರಿಗೆ ಮರಳಿದವರು. ಅವರ ಹೆಂಡತಿ ಮರಿಯಾ ಹುಟ್ಟಿದ್ದು ತಲಶ್ಶೇರಿಯಲ್ಲಿ. ಮಲಯಾಳಂ ನಿಘಂಟು ಬರೆದ ಹೆರ್ಮನ್ ಗುಂಡರ್ಟರ ಮಗಳು. ಮನೆತನವೆಲ್ಲ ದೇವರ ಸೇವೆಗೆ ಮೀಸಲು. ಇವರ ಮಗ ಹೆರ್ಮನ್‌ನನ್ನೂ ಪಾದ್ರಿ ಮಾಡಬೇಕೆಂದು ಸೆಮಿನರಿಗೆ ಸೇರಿಸಿದರು. 1892ರ ಮಾರ್ಚಿನಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಅವನು ಅಲ್ಲಿಂದ ಓಡಿಹೋಗಿ ಒಂದು ರಾತ್ರಿ ಚಳಿಯಲ್ಲಿ ಬಯಲಲ್ಲೇ ಕಳೆದ. ತಂದೆತಾಯಿ ಅವನನ್ನು ಹೆಸರಾಂತ ಪಾದ್ರಿ ಬ್ಲುಮ್‌ಹಾರ್ಟ್ ಅವರ ಬಳಿಗೆ ಕಳಿಸಿದರು. ಅಲ್ಲಿ ಹುಡುಗ ಪ್ರಾಣ ಕಳೆದುಕೊಳ್ಳಲು ಹೊರಟ. ಆಮೇಲೆ ಅವನನ್ನು ಮನೋರೋಗಿಗಳ ಆಶ್ರಮಕ್ಕೆ ಸೇರಿಸಿದರು. ಅಲ್ಲಿಂದ ಅವನು ತಂದೆಗೆ ಬರೆದ ಕಾಗದಗಳಲ್ಲಿ ಬರೀ ಕೆಂಡ. ಆ ಮನೆಯವರು ಕೆಟ್ಟವರಲ್ಲ. ಮಗನ ಮೇಲಿನ ಪ್ರೀತಿಯಿಂದಲೇ ಹೀಗೆ ಮಾಡಿದರು, ಅದೇ ನನಗೆ ಹೆಚ್ಚು ಭಯ.

ಓಡಿಹೋದ ಪ್ರಸಂಗದ ನಂತರ ಹುಡುಗ ಅಜ್ಜ ಗುಂಡರ್ಟರ ಮುಂದೆ ಹೋಗಿ ನಿಲ್ಲಬೇಕಾಯಿತು. ಬೈಗುಳಕ್ಕೆ ಎದೆ ಗಟ್ಟಿ ಮಾಡಿಕೊಂಡೇ ಹೋದ. ಅಜ್ಜ ಅವನನ್ನು ನೋಡಿ ನಕ್ಕು, ಜಾಣರು ಮಾಡುವಂಥ ಒಂದು ಸಣ್ಣ ತಿರುಗಾಟ ಮಾಡಿಬಂದೆಯಂತೆ ಎಂಬರ್ಥದಲ್ಲಿ ತಮಾಷೆ ಮಾಡಿದರು, ಅಷ್ಟೆ. ಎಷ್ಟೋ ವರ್ಷಗಳ ಮೇಲೂ ಅವನು ಇದನ್ನು ನೆನೆದು ಬರೆದ.

ಊಟದ ವಿಷಯಕ್ಕೆ ಬರುತ್ತೇನೆ. ಅಣ್ಣ ಮಾಡಿದಂಥದ್ದನ್ನೇ ಸಂತ ಅಗಸ್ಟೀನನ ತಾಯಿ ಮೋನಿಕಾ ಕೂಡ ಮಾಡಿದ್ದಳು. ಮಗ ಬೇರೆ ಮತ ಹಿಡಿದನೆಂದು ಅವನ ಜೊತೆ ಒಂದೇ ಮೇಜಿನಲ್ಲಿ ಊಟಕ್ಕೆ ಕೂರಲು ಒಪ್ಪಲಿಲ್ಲ. ಆಮೇಲೆ ಒಂದು ಕನಸು ಕಂಡು ಮನಸ್ಸು ಬದಲಾಯಿಸಿ, ಮತ್ತೆ ಮನೆಗೆ ಸೇರಿಸಿಕೊಂಡಳು. ಅವನ ಜೊತೆ ವಾದಿಸಿ ಎಂದು ಒಬ್ಬ ಬಿಷಪ್ಪರನ್ನು ಅಂಗಲಾಚಿದಳು. ಅವನೀಗ ಯಾರ ಮಾತನ್ನೂ ಕೇಳುವ ಸ್ಥಿತಿಯಲ್ಲಿಲ್ಲ, ಬಿಟ್ಟುಬಿಡು, ನೀನು ಪ್ರಾರ್ಥಿಸು ಎಂದು ಅವರು ಕಳಿಸಿಬಿಟ್ಟರು. ಆ ಬಿಷಪ್ಪರೂ ಚಿಕ್ಕಂದಿನಲ್ಲಿ ಅದೇ ಮತದಲ್ಲಿ ಬೆಳೆದು, ಯಾರೂ ವಾದಿಸದೆಯೇ ತಾವಾಗಿ ಹೊರಬಂದವರು.

ಆದ್ದರಿಂದ ಅಕ್ಕ, ಈ ವಾರ ನೀವೇ ಫೋನ್ ಮಾಡಿ. ಚರ್ಚಿನ ಮಾತು ತೆಗೆಯಬೇಡಿ. ಮಾವಿನ ತೋಟದಲ್ಲಿ ಹೂವು ಎಷ್ಟು ನಿಂತಿದೆ ಎಂದು ಹೇಳಿ, ಶನಿವಾರ ಬಾ ಎನ್ನಿ. ಬಂದಾಗ ಊಟಕ್ಕೆ ಮುಂಚೆ ಎಂದಿನಂತೆ ಪ್ರಾರ್ಥನೆ ಮಾಡಿ; ಅವನಿಗಾಗಿ ನಿಮ್ಮ ವಿಶ್ವಾಸವನ್ನು ಮುಚ್ಚಿಡಬೇಕಿಲ್ಲ. ಅವನು ಕಣ್ಣು ಮುಚ್ಚದಿದ್ದರೆ ನೀವು ನೋಡಲೂ ಬೇಡಿ. ಆದರೆ 'ಕರ್ತನೇ, ದಾರಿ ತಪ್ಪಿದ ಇವನ ಕಣ್ಣು ತೆರೆಸು' ಎಂದು ಅವನ ಕಿವಿಗೆ ಬೀಳುವಂತೆ ಪ್ರಾರ್ಥಿಸಬೇಡಿ ಅಣ್ಣ. ಅದು ದೇವರ ಹೆಸರಿನಲ್ಲಿ ಮಗನಿಗೆ ಬೈದ ಹಾಗೆ. ಸಭೆಯ ಪ್ರಾರ್ಥನಾ ವಿನಂತಿಯಲ್ಲೂ ಅವನ ಹೆಸರು ಓದುವುದಿಲ್ಲ, ನಾನೇ ತೆಗೆಸಿದ್ದೇನೆ.

ಫೋನಿನಲ್ಲಿ ಅವನ ಮಾತು 'ಹೂಂ', 'ಸರಿ'ಗೆ ಬಂದು ನಿಂತಿದೆ ಎಂದರೆ ಒತ್ತಾಯ ಹೆಚ್ಚಾಗಿದೆ ಎಂದು ತಿಳಿಯಿರಿ. ಎದುರು ಮಾತಾಡಿದರೆ ಪರವಾಗಿಲ್ಲ, ಮನಸ್ಸು ಬಿಚ್ಚುತ್ತಿದ್ದಾನೆ ಎಂದೇ ಅರ್ಥ. ನಿಮ್ಮನ್ನು ಸಮಾಧಾನಪಡಿಸಲು ಭಾನುವಾರ ಬಂದು ಕೂತು, ಕರ್ತನ ಭೋಜನ ತೆಗೆದುಕೊಳ್ಳುವ ನಟನೆ ಮಾಡುವುದು ಮಾತ್ರ ನನಗೆ ಬೇಡ.

ಇಷ್ಟೆಲ್ಲ ಮಾಡಿದರೆ ತಿರುಗಿ ಬರುತ್ತಾನೆಯೇ? ಅಗಸ್ಟೀನ್ ಬಂದ, 387ರಲ್ಲಿ ದೀಕ್ಷಾಸ್ನಾನ ಪಡೆದ. ಹೆರ್ಮನ್ ಹೆಸ್ಸೆ ತಂದೆತಾಯಿಯ ಸಭೆಗೆ ಮರಳಲಿಲ್ಲ; 'ಸಿದ್ಧಾರ್ಥ' ಬರೆದ, 1946ರಲ್ಲಿ ನೊಬೆಲ್ ಪಡೆದ. ನಿಮ್ಮವನು ಯಾವ ಕಡೆಗೋ ನನಗೆ ಗೊತ್ತಿಲ್ಲ. ಬರಲೇಬೇಕೆಂಬ ಲೆಕ್ಕದಲ್ಲಿ ಬಡಿಸಿದ ಊಟ ಅವನಿಗೆ ಮೊದಲ ತುತ್ತಿನಲ್ಲೇ ಗೊತ್ತಾಗುತ್ತದೆ.

ಅಂದಹಾಗೆ, ಮಗಳ ಸಂಬಂಧದ ಮಾತಿಗೆ ಬಂದವರು 'ಹುಡುಗಿಯ ಅಣ್ಣ ಸಭೆ ಬಿಟ್ಟಿದ್ದಾನಂತೆ' ಎಂದು ಕೇಳಿದರೆ ನೀವು ಅಳುಕಬೇಡಿ, ಸುಳ್ಳೂ ಹೇಳಬೇಡಿ. 'ಹೌದು, ಮನೆಗೆ ಬಂದುಹೋಗಿ ಮಾಡುತ್ತಾನೆ' ಎನ್ನಿ. ಉಳಿದದ್ದನ್ನು ಕೇಳಲು ನನ್ನ ಹತ್ತಿರ ಕಳಿಸಿ.