ಮೇಲಿನ ಅರ್ಧ ಪುಟ

ಮಣಿಪಾಲದ ಒಂದು ಸಮಿತಿಯ ನಡಾವಳಿ ಬರೆಯುವ ಕೆಲಸ ಕೆಲವು ವರ್ಷ ನನ್ನದಾಗಿತ್ತು. ಉಡುಪಿ, ಕಾಪು, ಕಾರ್ಕಳಗಳಿಂದ ಬರುವ ಸದಸ್ಯರು ಎರಡು ಗಂಟೆ ಮಾತಾಡಿದ್ದು ಹದಿನಾಲ್ಕು ಪುಟವಾಗುತ್ತಿತ್ತು. ಅಷ್ಟನ್ನು ಓದಲು ಮೇಲಿನವರಿಗೆ ಪುರುಸೊತ್ತಿಲ್ಲ. ಹಾಗಾಗಿ ತಲೆಯ ಮೇಲೆ ಅರ್ಧ ಪುಟದ ಸಾರಾಂಶ: ಏನು ತೀರ್ಮಾನವಾಯಿತು, ತಾವು ಏನಕ್ಕೆ ಸಹಿ ಹಾಕಬೇಕು, ಯಾವಾಗಿನೊಳಗೆ.

ಒಮ್ಮೆ ಹಾಸ್ಟೆಲಿಗೆ ಕೊಳವೆಬಾವಿ ಕೊರೆಸುವ ವಿಷಯ ಬಂತು. ಏಪ್ರಿಲ್ ಬಂದರೆ ಟ್ಯಾಂಕರ್ ನೀರೇ ಗತಿಯಾಗಿತ್ತು. ಎಲ್ಲರೂ ಒಪ್ಪಿದರು. ಕಾಪುವಿನ ಸದಸ್ಯರು ಮಾತ್ರ, ಬೇಸಿಗೆಯಲ್ಲಿ ಬಾವಿ ನೀರು ಉಪ್ಪಾಗುವುದನ್ನು ಕಂಡವರು, ಒಂದು ಷರತ್ತು ಹಾಕಿದರು: ಕೊರೆಯುವ ಮೊದಲು ಅಕ್ಕಪಕ್ಕದ ಮನೆಗಳ ಬಾವಿಯಲ್ಲಿ ನೀರಿನ ಮಟ್ಟ ಅಳೆದಿಡಬೇಕು. ಸಮಿತಿ ಅದಕ್ಕೂ ತಲೆಯಾಡಿಸಿತು. ಒಂಬತ್ತನೆಯ ಪುಟದಲ್ಲಿ ನಾನು ಅದನ್ನು ಸರಿಯಾಗಿಯೇ ಬರೆದೆ. ಸಾರಾಂಶದಲ್ಲಿ ಬರೆದದ್ದು ಇಷ್ಟು: ‘ಕೊಳವೆಬಾವಿ ಕೊರೆಸಲು ಸಮಿತಿ ಸರ್ವಾನುಮತದಿಂದ ಒಪ್ಪಿದೆ.’

ಇದರಲ್ಲಿ ಒಂದು ಪದವೂ ಸುಳ್ಳಲ್ಲ. ಸಹಿ ಬಿತ್ತು, ಯಂತ್ರ ಬಂತು. ಸದಸ್ಯರು ಫೋನ್ ಮಾಡಿದರು: “ನಾನು ಒಪ್ಪಿದ್ದು ಹೌದು ಮಾರಾಯ್ರೆ, ಆದರೆ ಹೀಗೆ ಒಪ್ಪಿದ್ದಲ್ಲ.” ಮುಂದಿನ ಮೇ ತಿಂಗಳಲ್ಲಿ ಪಕ್ಕದ ಮನೆಯವರ ಬಾವಿಯ ನೀರು ತಳ ಕಂಡಾಗ, ಅದು ನಮ್ಮಿಂದಲೋ ಬಿಸಿಲಿನಿಂದಲೋ ಹೇಳಲು ಯಾರ ಬಳಿಯೂ ಹಳೆಯ ಅಳತೆ ಇರಲಿಲ್ಲ.

ತಪ್ಪಿದ್ದೆಲ್ಲಿ ಎಂದು ಹಿಂದಿರುಗಿ ನೋಡಿದೆ. ನಡಾವಳಿಯ ಕರಡು ಸದಸ್ಯರಿಗೆಲ್ಲ ಹೋಗುತ್ತಿತ್ತು, ತಿದ್ದುಪಡಿಯಾಗಿ ಮುಂದಿನ ಸಭೆಯಲ್ಲಿ ದೃಢೀಕರಣವಾಗುತ್ತಿತ್ತು. ಸಾರಾಂಶವನ್ನು ಮಾತ್ರ ಕಡತ ಮೇಲೆ ಹೋಗುವಾಗ ನಾನೊಬ್ಬನೇ ಅಂಟಿಸುತ್ತಿದ್ದೆ. ಎಲ್ಲರೂ ನೋಡಿದ ಪುಟಗಳನ್ನು ಮೇಲಿನವರು ಓದಲಿಲ್ಲ. ಅವರು ಓದಿದ ಪುಟವನ್ನು ಬೇರೆ ಯಾರೂ ನೋಡಿರಲಿಲ್ಲ.

ಪರಿಸರ ಪರಿಣಾಮ ಕುರಿತ 2006ರ ಕೇಂದ್ರ ಅಧಿಸೂಚನೆಯಲ್ಲಿ ಸಾರ್ವಜನಿಕ ಅಹವಾಲು ಸಭೆಗೆ ಒಂದು ನಿಯಮವಿದೆ. ಸಭೆಯಲ್ಲಿ ಬಂದ ಅಭಿಪ್ರಾಯ, ಆತಂಕಗಳ ಸಾರಾಂಶವನ್ನು ಸಭೆಯ ಕೊನೆಯಲ್ಲೇ, ಸೇರಿದ ಜನರೆದುರು, ಅವರ ಭಾಷೆಯಲ್ಲಿ ಓದಿ ಹೇಳಬೇಕು, ಸಹಿ ಆಮೇಲೆ. ಮಾತಾಡಿದವನ ಕಿವಿಗೆ ಬೀಳದೆ ಅವನ ಮಾತಿನ ಸಾರ ಮೇಲೆ ಹೋಗಬಾರದೆಂಬುದು ಇದರ ಅರ್ಥ. ಪಾಲನೆ ಎಷ್ಟಾಗುತ್ತದೆ ಎಂಬುದು ಬೇರೆ ಮಾತು, ನಿಯಮದ ಹಿಂದಿನ ನ್ಯಾಯ ನನಗೆ ಹಿಡಿಸಿತು.

ಆಮೇಲೆ ನಾನು ಎರಡು ರೂಢಿ ಮಾಡಿಕೊಂಡೆ. ಷರತ್ತನ್ನು ತೀರ್ಮಾನದ ವಾಕ್ಯದೊಳಗೇ ಸೇರಿಸಿ ಬರೆಯುವುದು: ‘ಪಕ್ಕದ ಬಾವಿಗಳ ಮಟ್ಟ ಅಳೆದ ಬಳಿಕ ಕೊರೆಸಲು ಒಪ್ಪಿದೆ (ಪುಟ 9).’ ಬೇರೆ ವಾಕ್ಯ ಮಾಡಿದರೆ ಅದು ಉದುರುತ್ತದೆ. ಇನ್ನೊಂದು, ಸಭೆಯಲ್ಲಿ ಅತಿ ಕಡಿಮೆ ಒಪ್ಪಿದವರಿಗೆ ಸಾರಾಂಶವನ್ನು ಮೊದಲು ಓದಿ ಹೇಳುವುದು. ಇದಕ್ಕೆ ಒಂದು ದಿನ ಹೆಚ್ಚು ಹಿಡಿಯುತ್ತದೆ. ಅರ್ಧ ಪುಟದಲ್ಲಿ ಎಲ್ಲರ ಮಾತಿಗೂ ಜಾಗವಿಲ್ಲ, ನಿಜ. ಆದರೆ ಯಾರ ಮಾತು ಬಿಟ್ಟೆನೋ ಅವರಿಗೆ ಅದು ಗೊತ್ತಿರಬೇಕು.