ಪುಟ ಸಂಖ್ಯೆ ಇರುವ ಅರ್ಜಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ದೊಡ್ಡೇರಿ ಹೋಬಳಿಯ ಮನೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ‘ಇಷ್ಟು ಕಡಿಮೆ ಬರೋಕೆ ಸಾಧ್ಯಾನೇ ಇಲ್ಲ, ಚೆನ್ನಾಗೇ ಬರೆದಿದ್ದಾಳೆ.’ ಆ ಮಾತು ನಿಜವೇ ಆಗಿರಬಹುದು. ಆದರೆ ಅದನ್ನೇ ಹಾಳೆಗೆ ಇಳಿಸಿ, ‘ನಾನು ಬಡ ರೈತನ ಮಗಳು, ಕಷ್ಟಪಟ್ಟು ಓದಿದ್ದೇನೆ, ದಯವಿಟ್ಟು ಅಂಕ ಹೆಚ್ಚಿಸಿ’ ಎಂದು ಬರೆದರೆ ಆ ಅರ್ಜಿಯಿಂದ ಏನೂ ಆಗುವುದಿಲ್ಲ. ಓದುವವರು ಕಟುಕರು ಎಂದಲ್ಲ. ಯಾವ ಪುಟ ತೆರೆಯಬೇಕು, ಯಾವ ಸಾಲು ನೋಡಬೇಕು ಎಂಬುದನ್ನು ಆ ಕಾಗದ ಅವರಿಗೆ ಹೇಳಿರುವುದೇ ಇಲ್ಲ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಮಧುಗಿರಿ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಹಾಗಾಗಿ ಫಲಿತಾಂಶದ ಪಟ್ಟಿಯಲ್ಲಿ ತುಮಕೂರಿಗೊಂದು ಸಾಲು, ನಮಗೊಂದು ಸಾಲು. ಶೇಕಡಾವಾರು ಎಷ್ಟು, ಯಾವ ಸ್ಥಾನ ಎಂಬ ಚರ್ಚೆ ವಾರವಿಡೀ ನಡೆಯುತ್ತದೆ. ಅದೇ ವಾರ ಶುರುವಾಗುವ ಮರುಮೌಲ್ಯಮಾಪನ ಪ್ರಕ್ರಿಯೆಯ ಗಡುವಿನ ಬಗ್ಗೆ ಮಾತಾಡುವವರು ಕಡಿಮೆ.

ಕ್ರಮ ಸರಳವಾಗಿದೆ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯ ಜಾಲತಾಣದಲ್ಲಿ ಮೊದಲು ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕಬೇಕು. ಪ್ರತಿ ಕೈಗೆ ಬಂದ ಮೇಲೆ ಮರುಎಣಿಕೆಯೋ ಮರುಮೌಲ್ಯಮಾಪನವೋ ಎಂದು ತೀರ್ಮಾನಿಸಬೇಕು. ಶುಲ್ಕ ಮತ್ತು ಕೊನೆಯ ದಿನ ಆಯಾ ವರ್ಷದ ಸುತ್ತೋಲೆಯಲ್ಲಿರುತ್ತವೆ. ಅಂಕ ಇಳಿದರೆ ಏನಾಗುತ್ತದೆ ಎಂಬುದನ್ನೂ ಅದರಲ್ಲೇ ಓದಿಕೊಳ್ಳಬೇಕು. ತನ್ನ ಉತ್ತರ ಪತ್ರಿಕೆಯನ್ನು ತಾನೇ ನೋಡುವ ಹಕ್ಕು ವಿದ್ಯಾರ್ಥಿಗಿದೆ ಎಂದು ಸುಪ್ರೀಂ ಕೋರ್ಟ್ 2011ರ ಆಗಸ್ಟ್‌ನಲ್ಲಿ, ಸಿಬಿಎಸ್ಇ ಪ್ರಕರಣವೊಂದರಲ್ಲಿ, ಮಾಹಿತಿ ಹಕ್ಕು ಕಾಯ್ದೆಯಡಿ ಸ್ಪಷ್ಟಪಡಿಸಿತು. ಪ್ರತಿ ಕೇಳುವುದಕ್ಕೆ ಯಾರೂ ಹಿಂಜರಿಯಬೇಕಾಗಿಲ್ಲ.

ಪ್ರತಿ ಬಂದ ದಿನ ಮಾಡಬೇಕಾದ ಕೆಲಸವೇ ಮುಖ್ಯ. ಒಂದು ಕಡೆ ಸ್ಕ್ಯಾನ್ ಪ್ರತಿ, ಇನ್ನೊಂದು ಕಡೆ ಮಂಡಲಿ ಪ್ರಕಟಿಸಿದ ಮಾದರಿ ಉತ್ತರ, ಅಂದರೆ ಎಲ್ಲರೂ ‘ಕೀ’ ಎನ್ನುವುದು, ಇಟ್ಟುಕೊಂಡು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬರಬೇಕು. ಮೊದಲು ಒಳಗಿನ ಅಂಕಗಳನ್ನೆಲ್ಲ ಕೂಡಿ ಮುಖಪುಟದ ಮೊತ್ತದೊಂದಿಗೆ ಹೋಲಿಸಿ. ವ್ಯತ್ಯಾಸ ಅಲ್ಲೇ ಸಿಕ್ಕಿದರೆ ಮರುಎಣಿಕೆ ಸಾಕು. ಮೊತ್ತ ಸರಿಯಿದ್ದರೆ ಯಾವ ಉತ್ತರದ ಪಕ್ಕ ಅಂಕವೂ ಇಲ್ಲ, ತಪ್ಪು ಗುರುತೂ ಇಲ್ಲ ಎಂದು ಹುಡುಕಿ. ಆಮೇಲೆ, ಅಂಕ ಕೊಟ್ಟಿದ್ದರೂ ಹಂತದ ಅಂಕ ಬಿಟ್ಟಿರುವುದು ಎಲ್ಲಿ ಎಂದು ನೋಡಿ.

ಗಣಿತದ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಆಯತಾಕಾರದ ಹೊಲದ ಉದ್ದ ಅದರ ಅಗಲಕ್ಕಿಂತ 3 ಮೀಟರ್ ಹೆಚ್ಚು, ವಿಸ್ತೀರ್ಣ 70 ಚದರ ಮೀಟರ್, ಅಳತೆ ಕಂಡುಹಿಡಿಯಿರಿ: ಇದು 3 ಅಂಕದ 27ನೇ ಪ್ರಶ್ನೆ. ಕೀಯಲ್ಲಿ x² + 3x − 70 = 0 ಎಂಬ ಸಮೀಕರಣಕ್ಕೆ 1 ಅಂಕ, (x + 10)(x − 7) = 0 ಎಂಬ ಅಪವರ್ತನಕ್ಕೆ 1, ಅಗಲ 7 ಮೀಟರ್, ಉದ್ದ 10 ಮೀಟರ್ ಎಂಬ ಉತ್ತರಕ್ಕೆ 1. ನಮ್ಮ ಹುಡುಗಿ ಸಮೀಕರಣ ಸರಿಯಾಗಿ ಬರೆದು ಅಪವರ್ತನದ ಬದಲು ಸೂತ್ರ ಹಾಕಿದ್ದಾಳೆ. 9 + 280 = 289, ಅದರ ವರ್ಗಮೂಲ 17, x = 7. ಉತ್ತರ ಅದೇ. ಸಿಕ್ಕಿದ್ದು ಮಾತ್ರ 1 ಅಂಕ. ರಾಶಿ ಪತ್ರಿಕೆಗಳ ಮಧ್ಯೆ ಕೀಯಲ್ಲಿರುವ ಸಾಲನ್ನೇ ಹುಡುಕುತ್ತಿದ್ದ ಕಣ್ಣಿಗೆ ಆ ಸಾಲು ಸಿಗಲಿಲ್ಲ, ಅಷ್ಟೆ. ಇನ್ನೊಂದು, 22ನೇ ಪ್ರಶ್ನೆ: (2, 3) ಮತ್ತು (6, 6) ಬಿಂದುಗಳ ನಡುವಿನ ದೂರ. 2 ಅಂಕ. ಆ ಉತ್ತರವನ್ನು ಅವಳು ಮೊದಲು ಬಿಟ್ಟು, ಕೊನೆಗೆ 14ನೇ ಪುಟದಲ್ಲಿ ಬರೆದಿದ್ದಾಳೆ. 5 ಮಾನ ಎಂಬ ಉತ್ತರ ಸರಿಯಿದೆ. ಪುಟದ ಮೇಲೆ ಮೌಲ್ಯಮಾಪಕರ ಗುರುತೇ ಇಲ್ಲ.

ಈಗ ಅರ್ಜಿ ಹೀಗಿರಲಿ:

‘ಮಾನ್ಯರೆ, ಗಣಿತ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿಯನ್ನು ಮಂಡಲಿಯ ಮಾದರಿ ಉತ್ತರದೊಂದಿಗೆ ಹೋಲಿಸಿ ನೋಡಿದ್ದೇನೆ. ಎರಡು ಉತ್ತರಗಳನ್ನು ಮತ್ತೊಮ್ಮೆ ಪರಿಶೀಲಿಸಬೇಕೆಂದು ವಿನಂತಿಸುತ್ತೇನೆ. ಪುಟ 9, ಪ್ರಶ್ನೆ 27: ಅಪವರ್ತನದ ಬದಲು ಸೂತ್ರ ವಿಧಾನದಿಂದ ಬಿಡಿಸಿದ್ದೇನೆ. ಅಂತಿಮ ಉತ್ತರ ಮಾದರಿ ಉತ್ತರದಂತೆಯೇ ಇದೆ. 3ಕ್ಕೆ 1 ಅಂಕ ನೀಡಲಾಗಿದೆ. ಪುಟ 14, ಪ್ರಶ್ನೆ 22: ಉತ್ತರ ಬರೆದಿದ್ದೇನೆ, ಅಂಕ ನಮೂದಾಗಿಲ್ಲ. ಎರಡೂ ಪುಟಗಳ ಪ್ರತಿ ಲಗತ್ತಿಸಿದ್ದೇನೆ.’

ಕೆಳಗೆ ನೋಂದಣಿ ಸಂಖ್ಯೆ, ವಿಷಯ, ಶಾಲೆಯ ಹೆಸರು, ಸಹಿ. ಅಲ್ಲಿಗೆ ಮುಗಿಯಿತು. ‘ಮೌಲ್ಯಮಾಪಕರು ಬೇಜವಾಬ್ದಾರಿಯಿಂದ’ ಎಂಬ ಮಾತು ಇದರಲ್ಲಿಲ್ಲ, ‘ನನಗೆ 4 ಅಂಕ ಕೊಡಲೇಬೇಕು’ ಎಂಬ ಹಟವೂ ಇಲ್ಲ. ಓದುವವರಿಗೆ ಎರಡು ಪುಟ ತೆರೆದರೆ ಸಾಕು, ಸತ್ಯ ಅಲ್ಲೇ ಇದೆ. ವಿನಯ ಎಂದರೆ ಇಲ್ಲಿ ಇಷ್ಟೇ, ಅವರ ಸಮಯಕ್ಕೆ ಬೆಲೆ ಕೊಡುವುದು. ಆದರೆ ಈ ಪತ್ರ ಆನ್‌ಲೈನ್ ಅರ್ಜಿಗೆ ಬದಲಿಯಲ್ಲ. ಶುಲ್ಕ ಕಟ್ಟಿ ಗಡುವಿನೊಳಗೆ ಅರ್ಜಿ ಸಲ್ಲಿಸಿದ ಮೇಲೆ ಮುಖ್ಯಶಿಕ್ಷಕರ ಮೂಲಕ ಇದನ್ನು ಕಳಿಸಬೇಕು.

ಒಂದು ಮಿತಿಯನ್ನೂ ತಿಳಿದಿರಬೇಕು. ‘ಕೀಯೇ ತಪ್ಪು’ ಎಂಬ ವಾದಕ್ಕೆ ಈ ಅರ್ಜಿಯಲ್ಲಿ ಜಾಗವಿಲ್ಲ. ಅದಕ್ಕೆ ಮಂಡಲಿ ಮಾದರಿ ಉತ್ತರ ಪ್ರಕಟಿಸಿ ಆಕ್ಷೇಪಣೆ ಕರೆಯುವ ಹೊತ್ತು ಬೇರೆಯೇ ಇದೆ. ನ್ಯಾಯಾಲಯಗಳೂ ಈ ವಿಷಯದಲ್ಲಿ ಬಿಗಿಯಾಗಿವೆ. ಕೀ ಸರಿಯೆಂದೇ ಭಾವಿಸಬೇಕು, ಸಂದೇಹವಿದ್ದರೆ ಅದರ ಲಾಭ ಪರೀಕ್ಷಾ ಸಂಸ್ಥೆಗೆ ಎಂದು 2017ರ ರಣವಿಜಯ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪ್ರಬಂಧ, ಪದ್ಯದ ಸಾರಾಂಶದಂಥ ಉತ್ತರಗಳಲ್ಲೂ ‘4ಕ್ಕೆ 3 ಏಕೆ’ ಎಂದು ಕೇಳಿ ಗೆಲ್ಲುವುದು ಕಷ್ಟ. ಓದುವವರ ಅಭಿಪ್ರಾಯಕ್ಕೆ ಅಲ್ಲಿ ಎಡೆಯಿದೆ. ಹಂತಗಳಿರುವ ಗಣಿತ, ವಿಜ್ಞಾನಗಳಲ್ಲಿ ಮತ್ತು ಅಂಕ ನಮೂದಿಸದೆ ಬಿಟ್ಟ ಪುಟಗಳಲ್ಲಿ ಅರ್ಜಿಗೆ ಬಲ ಹೆಚ್ಚು. 2018ರಲ್ಲಿ ಬೆಳಗಾವಿಯ ವಿದ್ಯಾರ್ಥಿಯೊಬ್ಬನಿಗೆ 625ಕ್ಕೆ 624 ಬಂದಿತ್ತು. ವಿಜ್ಞಾನದಲ್ಲಿ ಕಳೆದಿದ್ದ ಆ ಒಂದು ಅಂಕ ಮರುಮೌಲ್ಯಮಾಪನದಲ್ಲಿ ಸಿಕ್ಕಿ 625 ಪೂರ್ಣವಾಯಿತು.

ಆ ಒಂದು ಅಂಕ ರಾಜ್ಯಕ್ಕೆಲ್ಲ ಸುದ್ದಿಯಾಯಿತು. ನಮ್ಮ ಹೋಬಳಿಯ ಮಗುವಿನ 4 ಅಂಕ ಯಾರಿಗೂ ಸುದ್ದಿಯಲ್ಲ. ಆದರೆ ತುಮಕೂರಿನ ಕಾಲೇಜಿನಲ್ಲಿ ವಿಜ್ಞಾನ ವಿಭಾಗದ ಸೀಟು ಕೇಳುವಾಗ, ವಿದ್ಯಾರ್ಥಿವೇತನದ ಪಟ್ಟಿ ಸಿದ್ಧವಾಗುವಾಗ ಆ 4 ಅಂಕ ಲೆಕ್ಕಕ್ಕೆ ಬರುತ್ತದೆ. ತಂದೆತಾಯಿ ಓದಿದವರಾಗಿದ್ದರೆ ಮನೆಯಲ್ಲೇ ಕೀ ಹಿಡಿದು ಹೋಲಿಸುತ್ತಾರೆ. ಕಡಲೆಕಾಯಿ ಹೊಲದಲ್ಲಿ ದಿನ ಕಳೆಯುವ ಅಪ್ಪ ಅಮ್ಮಂದಿರ ಮಕ್ಕಳಿಗೆ ಆ ಆಸರೆ ಇಲ್ಲ. ದೊಡ್ಡೇರಿ ಸುತ್ತಿನ ಪ್ರೌಢಶಾಲೆಗಳ ಗಣಿತ, ವಿಜ್ಞಾನ ಮೇಷ್ಟ್ರು, ಮೇಡಂಗಳಲ್ಲಿ ಒಂದೇ ಕೋರಿಕೆ: ಸ್ಕ್ಯಾನ್ ಪ್ರತಿ ಬರುವ ವಾರ ರಜೆಯೇ ಇದ್ದರೂ ಒಂದು ಬೆಳಿಗ್ಗೆ ಶಾಲೆ ತೆರೆದು ಮಕ್ಕಳನ್ನು ಕೂರಿಸಿಕೊಳ್ಳಿ, ಕೀ ಪಕ್ಕದಲ್ಲಿಟ್ಟು ಪುಟ ಪುಟವೂ ನೋಡಿ, ಅರ್ಜಿಯನ್ನು ಅವರ ಕೈಯಲ್ಲೇ ಬರೆಸಿ.